ಎಂಟು ಕೋಟಿಯೋ, ಏಳೂವರೆ ಕೋಟಿಯೋ, ಐಸೇಫೋ: ಸೀಡ್ ಹೂಡಿಕೆಯ ಮೂರು ಆಫರ್‌ಗಳನ್ನು ತೂಗುವ ಬಗೆ

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಇಬ್ಬರು ಸ್ನೇಹಿತರು ಹೂಡಿಕೆಯ ಷರತ್ತು ಬರೆದ ಮೂರು ಟರ್ಮ್‌ಶೀಟ್‌ಗಳ ಪ್ರಿಂಟ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅಡಿಕೆಯ ತೇವಾಂಶ ಅಳೆಯುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ ಅವರದು. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದರು, ನಲವತ್ತು ಯಂತ್ರ ಮಾರಿದ್ದರು, ಈಗ ಎರಡು ಕೋಟಿ ಬೇಕಿತ್ತು. ಮೂರು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ಅವರಲ್ಲೊಬ್ಬ ಕೇಳಿದ: "ಎಂಟು ಕೋಟಿ ವ್ಯಾಲ್ಯುಯೇಶನ್ ಕೊಡ್ತಾರೆ ಅಂದ್ಮೇಲೆ ಏಳೂವರೆಯವರ ಹತ್ರ ಯಾಕೆ ಹೋಗ್ಬೇಕು ಸರ್?"

ಸೀಡ್, ಅಂದರೆ ಹೊರಗಿನ ಹಣ ಮೊದಲು ಬರುವ ಹಂತದಲ್ಲಿ ಅತಿ ಹೆಚ್ಚು ಜನ ಎಡವುವುದು ಈ ಪ್ರಶ್ನೆಯಲ್ಲೇ. ಅಂದು ಸಂಜೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ. ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿದ್ದೇನೆ. ಕಂಪನಿಯಲ್ಲಿದ್ದದ್ದು 70,000 ಷೇರು. ಒಬ್ಬನ ಹೆಸರಿನಲ್ಲಿ 42,000, ಇನ್ನೊಬ್ಬನ ಹೆಸರಿನಲ್ಲಿ 28,000.

ಮೊದಲು ಬೆಲೆ ಎಲ್ಲಿಂದ ಬರುತ್ತದೆ ನೋಡಿ

ಸೀಡ್ ಹಂತದಲ್ಲಿ ಕಂಪನಿಯ ಬೆಲೆ ಲಾಭದಿಂದ ಹುಟ್ಟುವುದಿಲ್ಲ, ಏಕೆಂದರೆ ಲಾಭವೇ ಇರುವುದಿಲ್ಲ. ಅದು ಮುಂದಿನಿಂದ ಹಿಂದಕ್ಕೆ ಬರುತ್ತದೆ. ಮುಂದಿನ ಸುತ್ತಿನ ಹಣ ಎತ್ತಲು ಏನು ತೋರಿಸಬೇಕು, ಅದಕ್ಕೆ ಎಷ್ಟು ತಿಂಗಳು, ಎಷ್ಟು ಖರ್ಚು ಎಂದು ನೀವು ಲೆಕ್ಕ ಹಾಕುತ್ತೀರಿ. ಇವರ ಲೆಕ್ಕದಲ್ಲಿ ತಿಂಗಳಿಗೆ 9 ಲಕ್ಷದಂತೆ 18 ತಿಂಗಳಿಗೆ 1 ಕೋಟಿ 62 ಲಕ್ಷ, ಪ್ಲಾಸ್ಟಿಕ್ ಕವಚದ ಮೋಲ್ಡ್‌ಗೆ 20 ಲಕ್ಷ, ಅನಿರೀಕ್ಷಿತ ಖರ್ಚಿಗೆಂದು 18 ಲಕ್ಷ, ಒಟ್ಟು ಎರಡು ಕೋಟಿ. ಹೂಡಿಕೆದಾರ ಈ ಹಂತದಲ್ಲಿ ಸಾಮಾನ್ಯವಾಗಿ ಐದನೇ ಒಂದು ಪಾಲಿನ ಆಸುಪಾಸು ಕೇಳುತ್ತಾನೆ. ಎರಡು ಕೋಟಿ ಐದನೇ ಒಂದು ಪಾಲಾದರೆ ಇಡೀ ಕಂಪನಿ ಹತ್ತು ಕೋಟಿ. ಅದು ಹಣ ಬಂದ ಮೇಲಿನ ಬೆಲೆ, ಪೋಸ್ಟ್-ಮನಿ. ಅದರಿಂದ ಬಂದ ಹಣ ಕಳೆದರೆ ಉಳಿಯುವ ಎಂಟು ಕೋಟಿ ಪ್ರೀ-ಮನಿ. ಮಾತುಕತೆಯಲ್ಲಿ ಬರೀ "ಎಂಟು ಕೋಟಿ" ಅಂದರೆ ಪ್ರೀಯೋ ಪೋಸ್ಟೋ ಎಂದು ಆ ಕ್ಷಣವೇ ಕೇಳಿ. ಎಂಟು ಕೋಟಿ ಪೋಸ್ಟ್ ಆಗಿದ್ದರೆ ಕೊಡುವ ಪಾಲು 20 ಅಲ್ಲ, 25 ಪ್ರತಿಶತ.

ನೋಂದಾಯಿತ ಮೌಲ್ಯಮಾಪಕರು ಕೊಡುವ ವ್ಯಾಲ್ಯುಯೇಶನ್ ವರದಿ ಬೇರೆಯೇ ಕೆಲಸಕ್ಕೆ. ಷೇರು ಹಂಚಲು ಕಂಪನಿ ಕಾಯ್ದೆ ಕೇಳುತ್ತದೆ, ವಿದೇಶಿ ಹಣ ಬಂದರೆ ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾ ಕೇಳುತ್ತದೆ. ಅದು ಒಪ್ಪಿದ ಬೆಲೆಗೆ ಕಾನೂನಿನ ಆಧಾರ ಒದಗಿಸುತ್ತದೆಯೇ ಹೊರತು ಚೌಕಾಸಿಯಲ್ಲಿ ನಿಮ್ಮ ಪರ ಮಾತಾಡುವುದಿಲ್ಲ. 2012ರಲ್ಲಿ ಬಂದಿದ್ದ ಏಂಜೆಲ್ ತೆರಿಗೆಯನ್ನು 2024ರ ಜುಲೈ ಬಜೆಟ್‌ನಲ್ಲಿ ತೆಗೆದುಹಾಕಿದ್ದಾರೆ. ಹಳೆಯ ಲೇಖನಗಳನ್ನು ಓದಿ ಹೆಚ್ಚು ಬೆಲೆ ಒಪ್ಪಿಕೊಂಡರೆ ತೆರಿಗೆ ಬೀಳುತ್ತದೆಂದು ಹೆದರುವವರು ಇನ್ನೂ ಇದ್ದಾರೆ. ಆ ಹೆದರಿಕೆ ಈಗ ಬೇಡ.

ಎ ಮತ್ತು ಬಿ: ಎಂಟು ಕೋಟಿ ಏಳು ಕೋಟಿಯಾದ ಬಗೆ

ಮೊದಲ ಆಫರ್, ಅಂದರೆ ಎ: ಪ್ರೀ-ಮನಿ 8 ಕೋಟಿ, ಹೂಡಿಕೆ 2 ಕೋಟಿ. ಕೆಳಗೆ ಒಂದು ಸಾಲು: "ಹೂಡಿಕೆಗೆ ಮುಂಚೆ ಕಂಪನಿಯು ಇಸಾಪ್ ಪೂಲ್ ಸ್ಥಾಪಿಸತಕ್ಕದ್ದು, ಅದು ಹೂಡಿಕೆಯ ನಂತರದ ಒಟ್ಟು ಬಂಡವಾಳದ 10 ಪ್ರತಿಶತ ಇರತಕ್ಕದ್ದು." ನೌಕರರಿಗೆ ಮುಂದೆ ಕೊಡಲು ಎತ್ತಿಡುವ ಷೇರಿನ ಗಂಟು ಅದು. ನೋಡಲು ನಿರುಪದ್ರವಿ ಸಾಲು. ಆದರೆ ಹಣ ಬರುವ ಮುಂಚೆಯೇ ಗಂಟು ಕಟ್ಟಬೇಕೆಂದರೆ, ಆಗ ಕಂಪನಿಯಲ್ಲಿರುವವರು ಸ್ಥಾಪಕರು ಮಾತ್ರ. ಹತ್ತು ಪ್ರತಿಶತವೂ ಅವರ ಪಾಲಿನಿಂದಲೇ ಹೋಗುತ್ತದೆ.

ಹಣ ಬಂದ ಮೇಲೆ ಹೂಡಿಕೆದಾರನಿಗೆ 20, ಪೂಲ್‌ಗೆ 10, ಸ್ಥಾಪಕರಿಗೆ 70. ಅವರ 70,000 ಷೇರು 70 ಪ್ರತಿಶತ ಆಗಬೇಕಾದರೆ ಒಟ್ಟು ಷೇರು ಒಂದು ಲಕ್ಷ. ಹೂಡಿಕೆದಾರನಿಗೆ 20,000 ಷೇರು, ಎರಡು ಕೋಟಿಗೆ. ಒಂದರ ಬೆಲೆ 1,000 ರೂಪಾಯಿ. ಈಗ ಸ್ಥಾಪಕರ 70,000 ಷೇರನ್ನು ಆ ಬೆಲೆಗೆ ಗುಣಿಸಿ: ಏಳು ಕೋಟಿ. ಎಂಟರಲ್ಲಿ ಒಂದು ಕೋಟಿ ಇನ್ನೂ ಕೆಲಸಕ್ಕೆ ಸೇರದ ನೌಕರರ ಹೆಸರಿಗೆ ಹೋಗಿದೆ. ಇವರು ಕಟ್ಟಿದ ಕಂಪನಿಗೆ ಸಿಕ್ಕ ನಿಜವಾದ ಬೆಲೆ ಏಳೇ.

ಎರಡನೆಯದು ಬಿ: ಪ್ರೀ-ಮನಿ 7.5 ಕೋಟಿ, ಹೂಡಿಕೆ ಅದೇ 2 ಕೋಟಿ. ಪೂಲ್ ಇಲ್ಲೂ 10 ಪ್ರತಿಶತವೇ, ಆದರೆ ಹೂಡಿಕೆಯ ನಂತರ ಎಲ್ಲರ ಪಾಲಿನಿಂದಲೂ. ಮೊದಲು 2 ಕೋಟಿಯನ್ನು 9.5 ಕೋಟಿಯಿಂದ ಭಾಗಿಸಿ: ಹೂಡಿಕೆದಾರನಿಗೆ 21.05, ಸ್ಥಾಪಕರಿಗೆ 78.95. ಆಮೇಲೆ ಪೂಲ್‌ಗೆ ಇಬ್ಬರೂ ಹತ್ತರಲ್ಲೊಂದು ಪಾಲು ಬಿಡುತ್ತಾರೆ. ಸ್ಥಾಪಕರಿಗೆ ಉಳಿಯುವುದು 71.05, ಹೂಡಿಕೆದಾರನಿಗೆ 18.95. ಕಡಿಮೆ ಬೆಲೆ ಹೇಳಿದವನು ಹೆಚ್ಚು ಪಾಲು ಉಳಿಸಿಕೊಟ್ಟ.

ಕ್ಯಾಲ್ಕುಲೇಟರ್ ಕೈಯಲ್ಲಿದ್ದ ಹುಡುಗ ಮೂರು ಸಲ ಒತ್ತಿ ನೋಡಿ, ಪಕ್ಕದವನ ಮುಖ ನೋಡಿದ.

ಆದ್ದರಿಂದ ಹೋಲಿಸುವಾಗ ಟರ್ಮ್‌ಶೀಟಿನ ಮೇಲಿನ ಸಂಖ್ಯೆ ಬಿಟ್ಟು ಷೇರಿನ ಬೆಲೆ ಹಿಡಿಯಿರಿ. ಎರಡು ಕಾಲಂ ಸಾಕು, ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲಿನ ಕೆಲಸ:

```
ಷೇರಿನ ಬೆಲೆ = ಹೂಡಿಕೆ ÷ ಹೂಡಿಕೆದಾರನ ಷೇರು
ನಿಜವಾದ ಪ್ರೀ-ಮನಿ = ಷೇರಿನ ಬೆಲೆ × ಸ್ಥಾಪಕರ ಷೇರು
```

ಪೂಲ್ ಬೇಡವೆನ್ನಲು ಆಗುವುದಿಲ್ಲ, ಅನ್ನಲೂ ಬಾರದು. ಅದರ ಗಾತ್ರದ ಬಗ್ಗೆ ಚೌಕಾಸಿ ಮಾಡಬಹುದು. ಮುಂದಿನ 18 ತಿಂಗಳಲ್ಲಿ ಯಾರನ್ನು ಸೇರಿಸಿಕೊಳ್ಳುತ್ತೀರಿ, ಅವರಿಗೆ ಎಷ್ಟು ಷೇರು ಕೊಡಬೇಕಾಗಬಹುದು ಎಂದು ಹುದ್ದೆವಾರು ಪಟ್ಟಿ ಮಾಡಿ. ಇವರು ಬರೆದಾಗ ಫರ್ಮ್‌ವೇರ್ ಇಂಜಿನಿಯರ್, ಮಾರಾಟದ ಮುಖ್ಯಸ್ಥ, ಸರ್ವಿಸ್ ನೋಡಿಕೊಳ್ಳುವ ಇಬ್ಬರು, ಎಲ್ಲಾ ಸೇರಿ 6 ಪ್ರತಿಶತ ದಾಟಲಿಲ್ಲ. ಎ ಆಫರ್‌ನಲ್ಲೇ ಪೂಲ್ 6ಕ್ಕೆ ಇಳಿದರೆ ಸ್ಥಾಪಕರಿಗೆ 74 ಉಳಿಯುತ್ತದೆ. ಬಿಯಲ್ಲಿ ಇಳಿದರೆ 74.2. ಅಲ್ಲಿಗೆ ಬೆಲೆಯ ಜಗಳ ಹೆಚ್ಚುಕಡಿಮೆ ಮುಗಿದಂತೆ. ಈ ಪಟ್ಟಿಯನ್ನು ಪ್ರಸ್ತಾವನೆಯಲ್ಲೇ ಸೇರಿಸಿಬಿಡುವುದು ಒಳ್ಳೆಯದು. ಹತ್ತು ಎಂಬುದು ರೂಢಿಯಿಂದ ಬಂದ ಸಂಖ್ಯೆ. ಪಟ್ಟಿ ಎದುರಿಗಿದ್ದಾಗ ರೂಢಿ ಬಗ್ಗುತ್ತದೆ.

ಸಿ: ಬೆಲೆಯನ್ನು ಮುಂದಕ್ಕೆ ಹಾಕುವ ಐಸೇಫ್

ಮೂರನೇ ಹಾಳೆ ತೆಳ್ಳಗಿತ್ತು. ಈಗಲೇ ಬೆಲೆ ಕಟ್ಟುವುದು ಬೇಡ, ಎರಡು ಕೋಟಿ ತೆಗೆದುಕೊಳ್ಳಿ, ಮುಂದಿನ ಸುತ್ತಿನಲ್ಲಿ ಷೇರು ಕೊಡಿ ಎಂಬ ಒಪ್ಪಂದ. ಸ್ಟಾರ್ಟಪ್ ಹೂಡಿಕೆಗೆ ಹೆಸರಾದ ಅಮೆರಿಕದ ಸಂಸ್ಥೆ ವೈ ಕಾಂಬಿನೇಟರ್ 2013ರಲ್ಲಿ ತಂದ ಸೇಫ್ ಎಂಬ ಪತ್ರದ ಭಾರತೀಯ ರೂಪ ಇದು. 2019ರಲ್ಲಿ ಮುಂಬೈನ 100ಎಕ್ಸ್.ವಿಸಿ ಸಂಸ್ಥೆ ಬಳಕೆಗೆ ತಂದಿತು. ಅಮೆರಿಕದ ಸೇಫ್ ಸಾಲವೂ ಅಲ್ಲ, ಷೇರೂ ಅಲ್ಲ. ಅಂಥದ್ದಕ್ಕೆ ನಮ್ಮ ಕಂಪನಿ ಕಾಯ್ದೆಯಲ್ಲಿ ಜಾಗವಿಲ್ಲದ್ದರಿಂದ ಇಲ್ಲಿ ಅದನ್ನು ಸಿಸಿಪಿಎಸ್, ಅಂದರೆ ಕಡ್ಡಾಯವಾಗಿ ಈಕ್ವಿಟಿಗೆ ಪರಿವರ್ತನೆಯಾಗುವ ಆದ್ಯತಾ ಷೇರಿನ ವೇಷದಲ್ಲಿ ಕೊಡುತ್ತಾರೆ. ಹಾಗಾಗಿ ಕಾಗದಪತ್ರ ತಪ್ಪುವುದಿಲ್ಲ. ಹಣ ಬಂದ 60 ದಿನದೊಳಗೆ ಹಂಚಿಕೆ, ಹಂಚಿದ 15 ದಿನದೊಳಗೆ ಕಂಪನಿ ರಿಜಿಸ್ಟ್ರಾರ್ ಕಚೇರಿಗೆ ಪಿಎಎಸ್-3 ನಮೂನೆ, ಎಲ್ಲವೂ ಇದ್ದೇ ಇರುತ್ತದೆ. "ಸಹಿ ಹಾಕಿದ್ರೆ ಮುಗೀತು" ಅಂತ ಯಾರಾದರೂ ಹೇಳಿದರೆ ನಿಮ್ಮ ಕಂಪನಿ ಸೆಕ್ರೆಟರಿಯವರನ್ನು ಒಮ್ಮೆ ಕೇಳಿ.

ಇದರಲ್ಲಿ ನೋಡಬೇಕಾದ ಸಂಖ್ಯೆ ಎರಡು. ಮೊದಲನೆಯದು ಕ್ಯಾಪ್: ಮುಂದಿನ ಸುತ್ತಿನ ಬೆಲೆ ಎಷ್ಟೇ ಏರಲಿ, ಇವನ ಹಣಕ್ಕೆ ಈ ಮಿತಿಯ ಬೆಲೆಯಲ್ಲೇ ಷೇರು. ಎರಡನೆಯದು ಡಿಸ್ಕೌಂಟ್: ಮುಂದಿನ ಸುತ್ತಿನ ಬೆಲೆಗಿಂತ ಇಷ್ಟು ಅಗ್ಗಕ್ಕೆ ಷೇರು. ಎರಡರಲ್ಲಿ ಅವನಿಗೆ ಲಾಭವಾಗುವುದು ಯಾವುದೋ ಅದು. ಇವರ ಹಾಳೆಯಲ್ಲಿ ಕ್ಯಾಪ್ 10 ಕೋಟಿ, ಡಿಸ್ಕೌಂಟ್ 20 ಪ್ರತಿಶತ ಇತ್ತು. ಕ್ಯಾಪ್ ಪೋಸ್ಟ್-ಮನಿಯದು. 2018ರಿಂದ ವೈ ಕಾಂಬಿನೇಟರ್‌ನ ಪತ್ರವೂ ಹಾಗೇ ಬದಲಾಗಿದೆ. ಪೋಸ್ಟ್-ಮನಿ ಕ್ಯಾಪ್ ಅಂದರೆ ಮುಂದಿನ ಸುತ್ತಿನ ಹಣ ಬರುವ ಮುಂಚೆ ಅವನ ಪಾಲು 2 ಭಾಗಿಸು 10, ಅಂದರೆ 20 ಪ್ರತಿಶತ. ಕಡಿಮೆಯಾಗುವ ಹಾಗಿಲ್ಲ.

ಈ ಕೊನೆಯ ಮಾತಿನಲ್ಲೇ ಸ್ಥಾಪಕರು ಕಾಣದ ಹೊಂಡವಿದೆ. ಮೋಲ್ಡ್ ತಡವಾಯಿತು, ಹಣ ಸಾಲಲಿಲ್ಲ, ಅದೇ ಕ್ಯಾಪ್‌ಗೆ ಇನ್ನೊಬ್ಬರಿಂದ ಒಂದು ಕೋಟಿಯ ಐಸೇಫ್ ತೆಗೆದುಕೊಂಡಿರಿ ಅನ್ನಿ. ಅವನಿಗೆ 10 ಪ್ರತಿಶತ. ಮೊದಲಿನವನ 20 ಹಾಗೆಯೇ ಉಳಿಯುತ್ತದೆ. ಆ ಹತ್ತು ಪೂರ್ತಿ ನಿಮ್ಮದರಿಂದಲೇ ಹೋಗಿ 80 ಇದ್ದದ್ದು 70 ಆಗುತ್ತದೆ. ಬೆಲೆ ಕಟ್ಟಿದ ಎ ಆಫರ್‌ನಲ್ಲಿ ಅದೇ 1,000 ರೂಪಾಯಿಗೆ ಒಂದು ಕೋಟಿಯ ಷೇರು ಹಂಚಿದ್ದರೆ ಮೊದಲ ಹೂಡಿಕೆದಾರನೂ 20ರಿಂದ 18.2ಕ್ಕೆ ಇಳಿಯುತ್ತಿದ್ದ, ಪೂಲೂ ಕುಗ್ಗುತ್ತಿತ್ತು. ಐಸೇಫ್‌ನಲ್ಲಿ ಆ ಹಂಚಿಕೆ ಇಲ್ಲ. ಸಾಲದ್ದಕ್ಕೆ ಯಾರಿಗೆ ಎಷ್ಟು ಪಾಲೆಂಬ ಪಟ್ಟಿಯಾದ ಕ್ಯಾಪ್ ಟೇಬಲ್‌ನಲ್ಲಿ ಅದು ಕಾಣಿಸುವುದೂ ಇಲ್ಲ. ಪರಿವರ್ತನೆಯ ದಿನ ಒಮ್ಮೆಲೇ ಕಾಣುತ್ತದೆ. ಎರಡು ವರ್ಷದಲ್ಲಿ ನಾಲ್ಕು ಕಡೆ ಸಣ್ಣಸಣ್ಣ ಐಸೇಫ್ ತೆಗೆದುಕೊಂಡು, ಅರ್ಧಕ್ಕಿಂತ ಕೆಳಗಿಳಿದದ್ದು ಆ ದಿನವೇ ಗೊತ್ತಾದವರನ್ನು ಕಂಡಿದ್ದೇನೆ. ನೋವಿನ ಸಂಗತಿ ಅದು. ಐಸೇಫ್ ತೆಗೆದುಕೊಂಡರೆ ಅದೇ ದಿನ ಕ್ಯಾಪ್ ದರದಲ್ಲಿ ಪರಿವರ್ತಿಸಿದಂತೆ ಲೆಕ್ಕ ಬರೆದಿಡಿ.

ಕನ್ವರ್ಟಿಬಲ್ ನೋಟ್ ಇದರ ಸೋದರಸಂಬಂಧಿ, ಆದರೆ ಸಾಲ. ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ ಡಿಪಿಐಐಟಿಯ ಮಾನ್ಯತೆ ಪಡೆದ ಸ್ಟಾರ್ಟಪ್ ಮಾತ್ರ ಕೊಡಬಹುದು, ಒಬ್ಬ ಹೂಡಿಕೆದಾರನಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಬರಬೇಕು, ಹತ್ತು ವರ್ಷದೊಳಗೆ ಷೇರಾಗಬೇಕು ಇಲ್ಲವೇ ವಾಪಸಾಗಬೇಕು. ಬಡ್ಡಿ ಇದ್ದರೆ ಬಡ್ಡಿಯೂ ಷೇರಾಗುತ್ತದೆ. ಐದೈದು ಲಕ್ಷ ಹಾಕುವ ಪರಿಚಯಸ್ಥರಿಂದ ಹಣ ಎತ್ತುವವರಿಗೆ ಇದು ಒಗ್ಗುವುದಿಲ್ಲ.

ಒಳ್ಳೆಯ ವರ್ಷ, ಕೆಟ್ಟ ವರ್ಷ

ಯಾವ ಆಫರ್ ಒಳ್ಳೆಯದೆಂದು ಸೀಡ್ ಮುಗಿದ ದಿನದ ಪಾಲಿನಿಂದ ಹೇಳಲಾಗದು. ಮುಂದಿನ ಸುತ್ತನ್ನೂ ಓಡಿಸಿ ನೋಡಬೇಕು, ಅದೂ ಎರಡು ಬಗೆಯಲ್ಲಿ.

ಒಳ್ಳೆಯ ವರ್ಷ: 40 ಕೋಟಿ ಪ್ರೀ-ಮನಿಗೆ 10 ಕೋಟಿ ಬರುತ್ತದೆ, ಹೊಸಬರಿಗೆ 20 ಪ್ರತಿಶತ. ಎ ಮತ್ತು ಬಿಯಲ್ಲಿ ಪೂಲ್ ಮೊದಲೇ ಇದೆ, ಹೆಚ್ಚಿಸುವುದಿಲ್ಲ ಎಂದಿಟ್ಟುಕೊಳ್ಳೋಣ. ಸಿಯಲ್ಲಿ ಹೊಸ ಹೂಡಿಕೆದಾರ 10 ಪ್ರತಿಶತ ಪೂಲ್ ಕೇಳುತ್ತಾನೆ. ಕೆಟ್ಟ ವರ್ಷ: ಮಾರಾಟ ಏರಲಿಲ್ಲ, 6 ಕೋಟಿ ಪ್ರೀ-ಮನಿಗೆ 2 ಕೋಟಿ ಮಾತ್ರ ಸಿಗುತ್ತದೆ. ಸಿಗೆ ಅನುಕೂಲವಾಗಲೆಂದು ಅಲ್ಲಿ ಪೂಲ್ ಇಲ್ಲವೆಂದೇ ಲೆಕ್ಕ ಹಾಕಿದ್ದೇನೆ.

| ಸ್ಥಾಪಕರ ಪಾಲು | ಎ | ಬಿ | ಸಿ |
|---|---|---|---|
| ಸೀಡ್ ಆದ ದಿನ | 70% | 71.05% | ತೀರ್ಮಾನವಾಗಿಲ್ಲ |
| ಒಳ್ಳೆಯ ವರ್ಷದ ನಂತರ | 56% | 56.8% | 56% |
| ಕೆಟ್ಟ ವರ್ಷದ ನಂತರ | 47.7% | 52.4% | 43.75% |

ಒಳ್ಳೆಯ ವರ್ಷದಲ್ಲಿ ಮೂರಕ್ಕೂ ಹೆಚ್ಚು ಅಂತರವಿಲ್ಲ. ಕೆಟ್ಟ ವರ್ಷದಲ್ಲಿ ಬೇರೆಯಾಗುತ್ತವೆ, ಅದಕ್ಕೆ ಕಾರಣ ಹೀಗೆ.

ಎ ಹಾಳೆಯ ಐದನೇ ಪುಟದಲ್ಲಿ ಆಂಟಿ-ಡೈಲ್ಯೂಶನ್ ಎಂಬ ಷರತ್ತಿನ ಕೆಳಗೆ "ಫುಲ್ ರ‍್ಯಾಚೆಟ್" ಎಂದಿತ್ತು. ಮುಂದೆ ಕಡಿಮೆ ಬೆಲೆಗೆ ಒಂದೇ ಒಂದು ಷೇರು ಮಾರಿದರೂ ಮೊದಲ ಹೂಡಿಕೆದಾರನ ಬೆಲೆ ಪೂರ್ತಿ ಆ ಮಟ್ಟಕ್ಕೆ ಇಳಿಯುತ್ತದೆ ಎಂದು ಅದರ ಅರ್ಥ. 6 ಕೋಟಿಯನ್ನು ಒಂದು ಲಕ್ಷ ಷೇರಿಗೆ ಹಂಚಿದರೆ ಹೊಸ ಬೆಲೆ 600 ರೂಪಾಯಿ. ಅವನ ಎರಡು ಕೋಟಿಗೆ 20,000 ಷೇರು ಇದ್ದದ್ದು 33,333 ಆಗುತ್ತದೆ, ಒಂದು ಪೈಸೆ ಹೊಸ ಹಣವಿಲ್ಲದೆ. ಬಿಯಲ್ಲಿ ಇದ್ದದ್ದು ವೆಯ್ಟೆಡ್ ಆವರೇಜ್: ಎಷ್ಟು ಷೇರು ಅಗ್ಗಕ್ಕೆ ಹೋಯಿತೋ ಆ ಪ್ರಮಾಣದಲ್ಲಿ ಮಾತ್ರ ಬೆಲೆ ಸರಿಹೊಂದುತ್ತದೆ. ಎಯಲ್ಲಿ ಇದೇ ಷರತ್ತು ಇದ್ದಿದ್ದರೆ 1,000 ರೂಪಾಯಿ 600ಕ್ಕೆ ಇಳಿಯದೆ 900ರಲ್ಲಿ ನಿಲ್ಲುತ್ತಿತ್ತು, ಸ್ಥಾಪಕರಿಗೆ 51.6 ಉಳಿಯುತ್ತಿತ್ತು. ಎರಡೇ ಪದದ ವ್ಯತ್ಯಾಸಕ್ಕೆ ನಾಲ್ಕು ಪ್ರತಿಶತ. ಸೀಡ್ ಹಂತದಲ್ಲಿ ಫುಲ್ ರ‍್ಯಾಚೆಟ್ ಒಪ್ಪಬೇಡಿ ಎಂದೇ ನಾನು ಹೇಳುತ್ತೇನೆ, ಬೆಲೆಯಲ್ಲಿ ಐವತ್ತು ಲಕ್ಷ ಬಿಟ್ಟಾದರೂ ಸರಿ.

ಸಿಯಲ್ಲಿ ಕೆಟ್ಟ ವರ್ಷ ಬಂದರೆ ಕ್ಯಾಪ್ ಕೆಲಸಕ್ಕೆ ಬರುವುದಿಲ್ಲ, ಡಿಸ್ಕೌಂಟ್ ಎದ್ದು ನಿಲ್ಲುತ್ತದೆ. ಎರಡು ಕೋಟಿಗೆ 20 ಪ್ರತಿಶತ ಅಗ್ಗವಾದರೆ ಎರಡೂವರೆ ಕೋಟಿ ಬೆಲೆಯ ಷೇರು. ಕಂಪನಿಯ ಇಡೀ ಪ್ರೀ-ಮನಿಯೇ ಆರು ಕೋಟಿ. ಆರರಲ್ಲಿ ಎರಡೂವರೆ ಅವನದು, ಮೂರೂವರೆ ನಿಮ್ಮದು. ಮೇಲೆ ಹೊಸಬರ ಎರಡು ಕೋಟಿ ಸೇರಿ ಎಂಟಾದಾಗ ನಿಮ್ಮ ಮೂರೂವರೆ 43.75 ಪ್ರತಿಶತ. ಬೆಲೆ ಮುಂದಕ್ಕೆ ಹಾಕಿದ ಗಂಡಾಂತರ ಪೂರ್ತಿ ಸ್ಥಾಪಕರ ತಲೆಗೆ ಬರುವುದು ಹೀಗೆ. ಹಾಗಂತ ಐಸೇಫ್ ಕೆಟ್ಟದ್ದಲ್ಲ. ಆರೇಳು ತಿಂಗಳಲ್ಲಿ ದೊಡ್ಡ ಸುತ್ತು ಖಚಿತವಿದ್ದು, ನಡುವೆ ಮೂವತ್ತು-ನಲವತ್ತು ಲಕ್ಷ ಬೇಕಾದಾಗ ಅದರಷ್ಟು ಹಗುರವಾದ ದಾರಿ ಬೇರೆ ಇಲ್ಲ. ಹದಿನೆಂಟು ತಿಂಗಳ ಪೂರ್ತಿ ಖರ್ಚನ್ನು ಅದರ ಮೇಲೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಪಾಲು ಕೊಡದೆ ಬರುವ ಹಣ

ಮೂರು ಆಫರ್‌ಗಳ ಜೊತೆ ಇಟ್ಟು ನೋಡಬೇಕಾದ ನಾಲ್ಕನೆಯದೂ ಇದೆ: ಹೂಡಿಕೆಯನ್ನೇ ಸಣ್ಣದು ಮಾಡುವುದು. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಪಾಲು ಕೊಡಬೇಕಿಲ್ಲ. ಎರಡು ಕೋಟಿಯ ಬದಲು ಒಂದೂವರೆ ಕೋಟಿ ಮಾತ್ರ ಬಿ ಬೆಲೆಗೆ ತೆಗೆದುಕೊಂಡರೆ ಹೂಡಿಕೆದಾರನಿಗೆ 9ರಲ್ಲಿ 1.5, ಪೂಲ್ ಕಳೆದು ಸ್ಥಾಪಕರಿಗೆ 75 ಉಳಿಯುತ್ತದೆ. ಹತ್ತು ಸಲ ಚೌಕಾಸಿ ಮಾಡಿದರೂ ಸಿಗದ ನಾಲ್ಕು ಪ್ರತಿಶತ ಅದು. ಆದರೆ ಅನುದಾನ ಕಂತುಗಳಲ್ಲಿ ಬರುತ್ತದೆ, ಸಂಬಳ ಕೊಡುವ ದಿನಕ್ಕೆ ಅದನ್ನು ನಂಬಿ ಕೂರುವಂತಿಲ್ಲ.

ಇಲ್ಲೊಂದು ಸರದಿಯ ವಿಷಯವಿದೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ 2021ರಲ್ಲಿ ನಾಲ್ಕು ವರ್ಷಕ್ಕೆಂದು ಶುರುವಾದದ್ದು, ಸ್ಟಾರ್ಟಪ್ ಪೋಷಿಸುವ ಇನ್‌ಕ್ಯುಬೇಟರ್‌ಗಳ ಮೂಲಕ ಮಾದರಿ ತಯಾರಿಕೆಗೆ 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಹೋಗಲು 50 ಲಕ್ಷದವರೆಗೆ ಸಾಲ ಅಥವಾ ಪರಿವರ್ತನೀಯ ಡಿಬೆಂಚರ್ ರೂಪದಲ್ಲಿ ಕೊಡುವ ಯೋಜನೆ. ಅದರ ನಿಯಮದ ಪ್ರಕಾರ ಬೇರೆ ಸರ್ಕಾರಿ ಯೋಜನೆಯಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದವರು ಅರ್ಹರಲ್ಲ. ಎಲಿವೇಟ್ ಮೊದಲು ತೆಗೆದುಕೊಂಡರೆ ಆ ಬಾಗಿಲು ಮುಚ್ಚಬಹುದು. ಎರಡರ ನಿಯಮಗಳನ್ನೂ ಅರ್ಜಿ ಹಾಕುವ ಮುಂಚೆ ಓದಿ.

ಪಾಲು ಬೇರೆ, ಮತ ಬೇರೆ

ಮೇಲಿನ ಎಲ್ಲ ಪ್ರತಿಶತಗಳೂ "ಫುಲ್ಲಿ ಡೈಲ್ಯೂಟೆಡ್" ಲೆಕ್ಕ. ಪೂಲ್‌ನಲ್ಲಿರುವ, ಇನ್ನೂ ಯಾರೂ ಪಡೆಯದ ಷೇರನ್ನೂ ಎಣಿಸಿದ್ದು. ಆ ಷೇರುಗಳಿಗೆ ಮತವಿಲ್ಲ. ಎ ಆಫರ್‌ನಲ್ಲಿ ಹೂಡಿಕೆದಾರನ ಷೇರಿಗೆ ಪೂರ್ತಿ ಮತ ಕೊಟ್ಟರೂ ಸ್ಥಾಪಕರದು 90,000ದಲ್ಲಿ 70,000, ಅಂದರೆ 77.8. ವಿಶೇಷ ನಿರ್ಣಯಕ್ಕೆ ಬೇಕಾದ ಮುಕ್ಕಾಲು ಭಾಗ ಇನ್ನೂ ಕೈಯಲ್ಲಿದೆ. ಮುಂದಿನ ಸುತ್ತಿನಲ್ಲಿ ಅದು ಹೋಗುತ್ತದೆ, ಅದಕ್ಕೆ ಈಗಲೇ ಕೊರಗಬೇಕಿಲ್ಲ. ಕೊರಗಬೇಕಾದದ್ದು ಷೇರುದಾರರ ಒಪ್ಪಂದದ "ರಿಸರ್ವ್ಡ್ ಮ್ಯಾಟರ್ಸ್" ಪಟ್ಟಿಗೆ. ಅಲ್ಲಿ ಬರೆದ ಪ್ರತಿ ವಿಷಯಕ್ಕೂ ಹೂಡಿಕೆದಾರನ ಒಪ್ಪಿಗೆ ಬೇಕು, ಅವನ ಪಾಲು ಎಷ್ಟೇ ಇರಲಿ. ಕಂಪನಿ ಮಾರಾಟ, ಹೊಸ ಷೇರು, ಸಾಲದ ಮಿತಿ ಇದ್ದರೆ ಸಹಜ. ಇವರ ಎ ಹಾಳೆಯಲ್ಲಿ ಐದು ಲಕ್ಷ ಮೀರಿದ ಯಾವುದೇ ಖರೀದಿಯೂ ಸೇರಿತ್ತು. ಮೋಲ್ಡ್ ಮಾಡಿಸುವ ಕಂಪನಿಗೆ ಅದರಿಂದ ಉಸಿರು ಕಟ್ಟುತ್ತದೆ.

ಪ್ರಸ್ತಾವನೆಯಲ್ಲಿ ಏನು ಬರೆಯಬೇಕು

ಬೇಕಾದ ಮೊತ್ತ, ಅದು ಎಷ್ಟು ತಿಂಗಳಿಗೆ, ಅಷ್ಟರಲ್ಲಿ ಏನು ಸಾಧಿಸುತ್ತೀರಿ ಎಂಬುದನ್ನು ಬರೆಯಿರಿ. ಇಂದಿನ ಷೇರುಗಳ ಪಟ್ಟಿ ಕೊಡಿ, ಹಿಂದೆ ಕೊಟ್ಟ ಮಾತುಗಳನ್ನೂ ಸೇರಿಸಿ. ಮೊದಲ ವರ್ಷ ಸರ್ಕ್ಯೂಟ್ ಬೋರ್ಡ್ ಮಾಡಿಕೊಟ್ಟ ಸ್ನೇಹಿತನಿಗೆ ಎರಡು ಪ್ರತಿಶತ ಕೊಡುತ್ತೇವೆಂದು ವಾಟ್ಸಾಪ್‌ನಲ್ಲಿ ಬರೆದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ದಾಖಲೆ ಪರಿಶೀಲನೆಯಲ್ಲಿ ಹೊರಬಂದರೆ ನಂಬಿಕೆ ಕೆಡುತ್ತದೆ. ವ್ಯಾಲ್ಯುಯೇಶನ್ ಸಂಖ್ಯೆಯನ್ನು ಮಾತ್ರ ಪ್ರಸ್ತಾವನೆಯ ಸ್ಲೈಡ್‌ಗಳಲ್ಲಿ ಹಾಕದಿರುವುದು ಲೇಸೆಂದು ನನ್ನ ಅನುಭವ. ಬರೆದ ಸಂಖ್ಯೆಯಿಂದ ಮಾತುಕತೆ ಕೆಳಕ್ಕೇ ಹೋಗುತ್ತದೆ. ಮೊತ್ತ ಹೇಳಿ, ಪಾಲಿನ ಮಾತು ಎದುರಾಎದುರು ಆಡಿ, ಆದರೆ ಮೇಲಿನ ಕೋಷ್ಟಕ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತಯಾರಿರಲಿ.

ಆ ಇಬ್ಬರು ಕೊನೆಗೆ ಬಿಯವರ ಹತ್ತಿರ ಹೋದರು. ಹುದ್ದೆಗಳ ಪಟ್ಟಿ ತೋರಿಸಿ ಪೂಲ್ ಅನ್ನು ಏಳಕ್ಕೆ ಇಳಿಸಿಕೊಂಡರು, ಏಳೂವರೆ ಕೋಟಿಯನ್ನು ಏರಿಸಿ ಎಂದು ಕೇಳಲೇ ಇಲ್ಲ. ಸಹಿ ಆದ ದಿನ ಅವರ ಪಾಲು 73.4 ಪ್ರತಿಶತ ಇತ್ತು.